ಪಾಸ್‌ವರ್ಡ್ ಬದಲಿಸಿದ ಮೇಲೂ ಕಳ್ಳ ಒಳಗೇ ಇದ್ದರೆ: ಗೂಗಲ್ ಖಾತೆಯಲ್ಲಿ ಹುಡುಕುವ ಕ್ರಮ

ವಿಜಯಪುರದ ಒಬ್ಬ ಒಣದ್ರಾಕ್ಷಿ ದಲಾಲಿ ವ್ಯಾಪಾರಿಯ ಅಂಗಡಿಯಲ್ಲಿ ಕಂಡ ದೋಷ ಇದು. ಕೋಲ್ಡ್ ಸ್ಟೋರೇಜ್‌ನಲ್ಲಿ ಯಾರ ಮಾಲು ಎಷ್ಟಿದೆ, ಯಾವ ದರ್ಜೆ, ಯಾವ ದರ ಎಂಬುದನ್ನೆಲ್ಲ ಅವರು ಒಂದು ಗೂಗಲ್ ಶೀಟ್‌ನಲ್ಲಿ ಬರೆದಿಡುತ್ತಾರೆ. ಹಣ ಹಾಕಬೇಕಾದ ಬ್ಯಾಂಕ್ ಖಾತೆಯ ಸಂಖ್ಯೆಯೂ ಅದೇ ಶೀಟ್‌ನ ಕೆಳಗಿನ ಒಂದು ಸೆಲ್‌ನಲ್ಲಿದೆ. ಬಿಲ್ ತಯಾರಾಗುವಾಗ ಸಂಖ್ಯೆ ಅಲ್ಲಿಂದಲೇ ಬಂದು ಕೂಡುತ್ತದೆ. ಒಂದು ದಿನ ತಮಿಳುನಾಡಿನ ಖರೀದಿದಾರರೊಬ್ಬರು ಫೋನ್ ಮಾಡಿ, ಬಿಲ್‌ನಲ್ಲಿ ಬ್ಯಾಂಕ್ ಖಾತೆ ಬೇರೆ ಕಾಣುತ್ತಿದೆ, ಬದಲಿಸಿದ್ದೀರಾ ಎಂದು ಕೇಳಿದರು. ಶೀಟ್ ತೆಗೆದು ನೋಡಿದರೆ ಸಂಖ್ಯೆ ನಿಜವಾಗಿಯೂ ಬದಲಾಗಿತ್ತು. ಅಂಗಡಿಯವರು ಅದನ್ನು ಸರಿಪಡಿಸಿದರು, ಒಡೆಯರಾದ ಸಾಹುಕಾರರ ಮೊಬೈಲ್‌ನಿಂದ ಪಾಸ್‌ವರ್ಡ್ ಬದಲಿಸಿದರು, ಅಂಗಡಿಯ ಕಂಪ್ಯೂಟರ್‌ಗೆ ವಿಂಡೋಸ್ ಅನ್ನು ಹೊಸದಾಗಿ ಹಾಕಿಸಿದರು. ಅದೇ ವಾರದಲ್ಲಿ ಸಂಖ್ಯೆ ಮತ್ತೆ ಬದಲಾಯಿತು.

"ಪಾಸ್‌ವರ್ಡ್ ಬದಲ ಮಾಡೀವ್ರಿ ಸರ್, ಕಂಪ್ಯೂಟರ್ ಫಾರ್ಮ್ಯಾಟ್ ಹೊಡಿಸೀವಿ. ಆದ್ರೂ ಮತ್ತ ಹಂಗ ಆಗ್ಯಾದ" ಎಂದು ಸಾಹುಕಾರರ ಅಣ್ಣನ ಮಗ ನನ್ನ ಬಳಿ ಬಂದ. ಎರಡನೆಯ ಸಲ ಬದಲಾಯಿತು ಎನ್ನುವುದೇ ಇಲ್ಲಿ ದೊಡ್ಡ ಸುಳಿವು. ಒಳಗೆ ಬರಲು ಆ ಕಳ್ಳನಿಗೆ ಈಗ ಪಾಸ್‌ವರ್ಡ್ ಬೇಕಾಗಿಲ್ಲ ಎಂದು ಅದು ಹೇಳುತ್ತದೆ. ಪಾಸ್‌ವರ್ಡ್ ಇಲ್ಲದೆ ಒಳಗೆ ಬರಲು, ಅಥವಾ ಒಳಗೇ ಉಳಿಯಲು, ಮುಖ್ಯವಾಗಿ ನಾಲ್ಕು ದಾರಿಗಳಿವೆ: ಒಮ್ಮೆ ಲಾಗಿನ್ ಆದಮೇಲೆ ತೆರೆದೇ ಉಳಿದ ಸೆಷನ್, ಖಾತೆಗೆ ಜೋಡಿಸಿದ ಆ್ಯಪ್, ಹಂಚಿದ ಲಿಂಕ್, ಮತ್ತು ಖಾತೆಯನ್ನು ಮರಳಿ ಪಡೆಯಲೆಂದು ಕೊಟ್ಟಿರುವ ಫೋನ್ ಅಥವಾ ಇಮೇಲ್. ನಾಲ್ಕನ್ನೂ ಕುರುಡಾಗಿ ಮುಚ್ಚಿಬಿಡಬಹುದು. ಆದರೆ ಯಾವುದರಿಂದ ಬಂದ ಎಂದು ತಿಳಿಯದಿದ್ದರೆ ಅವನು ಏನೇನು ಮುಟ್ಟಿದ್ದಾನೆ ಎನ್ನುವುದೂ ತಿಳಿಯುವುದಿಲ್ಲ. ಆದ್ದರಿಂದ ಮೊದಲು ದಾರಿ ಹುಡುಕಬೇಕು, ಆಮೇಲೆ ಮುಚ್ಚಬೇಕು.

ಮೊದಲು ಹಣ, ಆಮೇಲೆ ಫೋಟೋ

ತಪ್ಪು ಖಾತೆಗೆ ಯಾರಾದರೂ ಹಣ ಹಾಕಿಬಿಟ್ಟಿದ್ದರೆ ಮುಂದಿನದನ್ನೆಲ್ಲ ಬಿಟ್ಟು, ಹಣ ಹಾಕಿದವರು ಕೂಡಲೇ 1930ಕ್ಕೆ ಕರೆ ಮಾಡಬೇಕು. ಇಲ್ಲವೇ cybercrime.gov.in ತಾಣದಲ್ಲಿ ದೂರು ಕೊಡಬೇಕು. ತಮ್ಮ ಬ್ಯಾಂಕಿಗೂ ತಿಳಿಸಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು. ನಮ್ಮ ಪ್ರಕರಣದಲ್ಲಿ ಖರೀದಿದಾರರು ಫೋನ್ ಮಾಡಿ ಕೇಳಿದ್ದರಿಂದ ಹಣ ಉಳಿಯಿತು.

ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಅನುಮಾನದ ಸೆಷನ್ ತೆಗೆಯುವ ಮೊದಲು, ಆ್ಯಪ್ ಅಳಿಸುವ ಮೊದಲು, ಜಿಮೇಲ್‌ನಲ್ಲಿ ಅಂಚೆ ವಿಂಗಡಿಸುವ ಫಿಲ್ಟರ್ ಕಿತ್ತುಹಾಕುವ ಮೊದಲು ಆಯಾ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ ಮತ್ತು ಸಮಯ ಕಾಣುವಂತಿರಲಿ. ಅಳಿಸಿದ ಮೇಲೆ ಆ ವಿವರ ನಿಮಗೆ ಮತ್ತೆ ಅದೇ ರೂಪದಲ್ಲಿ ಸಿಗದು. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಲು ಹೋದಾಗ, ಯಾರೋ ಬಂದಿದ್ದರು ಎಂಬ ಮಾತಿಗಿಂತ ಐಪಿ ವಿಳಾಸ ಮತ್ತು ವೇಳೆ ಇರುವ ಒಂದು ಹಾಳೆಗೆ ತೂಕ ಹೆಚ್ಚು.

ಈ ಎಲ್ಲ ಕೆಲಸವನ್ನೂ ಅನುಮಾನವಿಲ್ಲದ ಸಾಧನದಿಂದ ಮಾಡಿ. ಕಳ್ಳ ಪ್ರತಿಯ ಲೆಕ್ಕಪತ್ರ ತಂತ್ರಾಂಶವನ್ನೋ ಕ್ರ್ಯಾಕ್ ಮಾಡಿದ ಪಿಡಿಎಫ್ ಎಡಿಟರನ್ನೋ ಹಾಕಿದ ಕಂಪ್ಯೂಟರ್‌ನಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಅದೇ ಗಳಿಗೆಯಲ್ಲಿ ಹೊರಗೆ ಹೋಗಬಹುದು. ಅಂಥ ತಂತ್ರಾಂಶದ ಜೊತೆ ಬರುವ ಕಳ್ಳ ಪ್ರೋಗ್ರಾಮ್ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ಒಟ್ಟಿಗೆ ಒಯ್ಯುತ್ತದೆ. ಕುಕಿ ಎಂದರೆ, ಇವರು ಆಗಲೇ ಲಾಗಿನ್ ಆಗಿದ್ದಾರೆ ಎಂದು ಬ್ರೌಸರ್ ತೋರಿಸುವ ಗುರುತು. ಅದು ಕೈಗೆ ಸಿಕ್ಕವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಒಟಿಪಿ ಬರಲೇ ಇಲ್ಲ, ಅಂದಮೇಲೆ ಯಾರೂ ಒಳಗೆ ಬಂದಿಲ್ಲ ಎಂದು ನಂಬಿ ಕೂತವರನ್ನು ನಾನು ಬಹಳ ನೋಡಿದ್ದೇನೆ. ಆ ನಂಬಿಕೆಗೆ ಆಧಾರವಿಲ್ಲ.

ಬದಲಾದ ಸೆಲ್ಲನ್ನೇ ಕೇಳಿ

ನಮ್ಮ ಕೈಲಿದ್ದ ಗಟ್ಟಿ ಸಾಕ್ಷಿ ಎಂದರೆ ಆ ಒಂದು ಸೆಲ್. ಅದರ ಮೇಲೆ ಬಲಗುಂಡಿ ಒತ್ತಿ `Show edit history` ಆರಿಸಿದರೆ ಆ ಸೆಲ್ ಯಾವಾಗ ಬದಲಾಯಿತು, ಯಾರ ಹೆಸರಿನಲ್ಲಿ ಬದಲಾಯಿತು, ಮೊದಲು ಏನಿತ್ತು ಎಂದು ತೋರಿಸುತ್ತದೆ. ಇದಕ್ಕೆ ಮಿತಿಗಳಿವೆ: ಸಾಲು ಸೇರಿಸಿದ್ದು, ಅಳಿಸಿದ್ದು, ಸೂತ್ರದಿಂದ ಬದಲಾದ ಮೌಲ್ಯ ಇಲ್ಲಿ ಬಾರದಿರಬಹುದು. ಆಗ `File` ಒಳಗಿನ `Version history` ನೋಡಬೇಕು. ಇಡೀ ಶೀಟ್‌ನ ಹಳೆಯ ಪ್ರತಿಗಳು ವೇಳೆಯ ಸಮೇತ ಅಲ್ಲಿರುತ್ತವೆ.

ಇಲ್ಲಿ ಕಾಣುವ ಹೆಸರು ಅರ್ಧ ರೋಗವನ್ನು ಹೇಳಿಬಿಡುತ್ತದೆ. ಲಿಂಕ್ ಹಿಡಿದು ಬಂದ ಅಪರಿಚಿತ ತಿದ್ದಿದ್ದರೆ ಸಾಮಾನ್ಯವಾಗಿ ಅನಾಮಿಕ ಎಂದು ಬರುತ್ತದೆ. ನೀವೇ ಶೀಟ್ ಹಂಚಿಕೊಂಡ ಬೇರೊಬ್ಬರ ಖಾತೆಯಿಂದ ಆಗಿದ್ದರೆ ಅವರ ಹೆಸರು ಬರುತ್ತದೆ. ಆಗ ಕಳುವಾಗಿರುವುದು ಅವರ ಖಾತೆ, ನಿಮ್ಮದಲ್ಲ. ನಿಮ್ಮದೇ ಹೆಸರು ಬಂದರೆ ತಿದ್ದಿದವನು ನಿಮ್ಮ ಸೆಷನ್‌ನ ಒಳಗಿದ್ದಾನೆ, ಇಲ್ಲವೇ ನಿಮ್ಮ ಪರವಾಗಿ ಕೆಲಸ ಮಾಡುವ ಅನುಮತಿ ಪಡೆದ ಆ್ಯಪ್ ಒಂದು ಇದೆ. ಆ್ಯಪ್ ಮಾಡಿದ ತಿದ್ದುಪಡಿ ಕೂಡ ಖಾತೆದಾರರ ಹೆಸರಿನಲ್ಲೇ ದಾಖಲಾಗುತ್ತದೆ.

ಎರಡು ತಿದ್ದುಪಡಿಗಳೂ ಸಾಹುಕಾರರ ಹೆಸರಿನಲ್ಲೇ ಇದ್ದವು. ಎರಡನೆಯದು ಪಾಸ್‌ವರ್ಡ್ ಬದಲಿಸಿದ ಮೇಲೆ, ರಾತ್ರಿ 2:41ಕ್ಕೆ. "ಕಾಕಾ ಆ ಹೊತ್ತಿನ್ಯಾಗ ಮೊಬೈಲ್ ಮುಟ್ಟಂಗಿಲ್ರಿ" ಎಂದ ಹುಡುಗ. ಅಂದರೆ ಲಿಂಕ್‌ನ ಮೇಲಿನ ಅನುಮಾನ ಸದ್ಯಕ್ಕೆ ಹಿಂದೆ ಸರಿಯಿತು. ಉಳಿದದ್ದು ಸೆಷನ್ ಮತ್ತು ಆ್ಯಪ್.

ಸೆಷನ್‌ಗಳು

ಸೆಷನ್ ನೋಡಲು ಎರಡು ಕಡೆ ಹೋಗಬೇಕು. ಒಂದು ಖಾತೆಯ ಸಾಧನಗಳ ಪಟ್ಟಿ:

```
myaccount.google.com/device-activity
```

ಇನ್ನೊಂದನ್ನು ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ನೋಡಬೇಕು. ಪುಟದ ತಳದಲ್ಲಿ, ಬಲಗಡೆ, ಸಣ್ಣ ಅಕ್ಷರದಲ್ಲಿ `Details` ಎಂದಿರುತ್ತದೆ. ಅದನ್ನು ಒತ್ತಿದರೆ ಈಚೆಗೆ ಅಂಚೆ ಪೆಟ್ಟಿಗೆ ತೆರೆದವರ ಐಪಿ ವಿಳಾಸ, ವೇಳೆ ಮತ್ತು ತೆರೆದ ಬಗೆ ಕಾಣುತ್ತವೆ: ಬ್ರೌಸರ್, ಮೊಬೈಲ್, ಐಮ್ಯಾಪ್, ಪಾಪ್ ಹೀಗೆ. ನೀವು ಯಾವತ್ತೂ ಐಮ್ಯಾಪ್ ಬಳಸದಿದ್ದರೂ ಅಲ್ಲಿ ಅದು ಕಂಡರೆ ಯಾರೋ ನಿಮ್ಮ ಅಂಚೆಯನ್ನು ತಮ್ಮ ತಂತ್ರಾಂಶಕ್ಕೆ ಎಳೆದುಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕು.

ಜನ ಮೊದಲು ಹೆದರುವುದು ಊರಿನ ಹೆಸರು ನೋಡಿ. ನಮ್ಮ ಹುಡುಗನೂ ಪಟ್ಟಿಯಲ್ಲಿ ಮುಂಬೈ ಎಂದು ನೋಡಿದ ಕೂಡಲೇ ಕಳ್ಳ ಸಿಕ್ಕ ಎಂದುಕೊಂಡಿದ್ದ. ಅದು ಅವನದೇ ಮೊಬೈಲ್. ಮೊಬೈಲ್ ಡೇಟಾದಲ್ಲಿ ಐಪಿ ವಿಳಾಸಕ್ಕೆ ಅಂಟಿದ ಊರು ನೀವು ಕೂತ ಊರಾಗಿರಬೇಕೆಂದಿಲ್ಲ. ಕಂಪನಿಯ ಜಾಲ ಇಂಟರ್‌ನೆಟ್‌ಗೆ ಕೂಡುವ ಊರು ಅಲ್ಲಿ ಬರುತ್ತದೆ. ವಿಜಯಪುರದಲ್ಲಿ ಕೂತವನಿಗೆ ಬೆಂಗಳೂರು, ಹೈದರಾಬಾದ್, ಮುಂಬೈ ಯಾವುದೂ ಬರಬಹುದು. ಆದ್ದರಿಂದ ಊರಿಗಿಂತ ಸಾಧನ ಮತ್ತು ವೇಳೆಗೆ ಹೆಚ್ಚು ಬೆಲೆ ಕೊಡಿ. ಖಚಿತಪಡಿಸಿಕೊಳ್ಳುವ ಸುಲಭ ದಾರಿ ಇದೆ: ಅಂಗಡಿಯ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋಗಿ ಜಿಮೇಲ್ ತೆರೆಯಿರಿ, ಮತ್ತೆ ಪಟ್ಟಿ ನೋಡಿ. ನಿಮ್ಮದೇ ಫೋನ್ ಯಾವ ಊರಿನ ಹೆಸರಲ್ಲಿ ಬರುತ್ತದೆ ಎಂದು ಗೊತ್ತಾಗುತ್ತದೆ.

ಮೋಸ ಹೋಗುವ ಜಾಗ ಇನ್ನೊಂದಿದೆ. ಕದ್ದ ಕುಕಿಯಿಂದ ಬಂದವನು ಪಟ್ಟಿಯಲ್ಲಿ ವಿಂಡೋಸ್ ಎಂದೇ ಕಾಣುತ್ತಾನೆ, ಅಂಗಡಿಯ ಕಂಪ್ಯೂಟರೂ ವಿಂಡೋಸ್ ಎಂದೇ ಕಾಣುತ್ತದೆ. ಎರಡೂ ಒಂದೇ ಗುಂಪಿನಲ್ಲಿ ಸೇರಿ, ಎರಡು ಸೆಷನ್ ಎಂದು ಸಣ್ಣದಾಗಿ ಬರೆದಿರುತ್ತದೆ. ಆ ಗುಂಪನ್ನು ಬಿಡಿಸಿ ಒಂದೊಂದರ ವೇಳೆ ನೋಡಬೇಕು. ಅಂಗಡಿ ಮುಚ್ಚಿದ ಹೊತ್ತಿನಲ್ಲಿ ನಡೆದದ್ದು ನಿಮ್ಮದಲ್ಲ.

ಇವರ ಖಾತೆಯಲ್ಲಿ ಪಾಸ್‌ವರ್ಡ್ ಬದಲಿಸುವ ಮೊದಲಿನ ಒಂದು ವಿಂಡೋಸ್ ಸೆಷನ್ ಲಾಗೌಟ್ ಆಗಿದೆ ಎಂಬ ಗುರುತಿನೊಡನೆ ಕಾಣುತ್ತಿತ್ತು. ಅದು ನಡೆದದ್ದು ರಾತ್ರಿ ಹೊತ್ತಿನಲ್ಲಿ. ಮೊದಲ ತಿದ್ದುಪಡಿಯ ವೇಳೆಗೂ ಅದಕ್ಕೂ ತಾಳೆಯಾಯಿತು. ಪಾಸ್‌ವರ್ಡ್ ಬದಲಿಸಿದಾಗ ಗೂಗಲ್ ಬಹುತೇಕ ಎಲ್ಲ ಸೆಷನ್‌ಗಳನ್ನೂ ಹೊರಹಾಕುತ್ತದೆ. ಆದ್ದರಿಂದ ಆ ಬಾಗಿಲು ಅವರು ತಾವಾಗಿಯೇ ಮುಚ್ಚಿದ್ದರು. 2:41ಕ್ಕೆ ಮಾತ್ರ ಯಾವ ಸಾಧನದ ಚಲನೆಯೂ ಇರಲಿಲ್ಲ. ಇದ್ದದ್ದು ಸಾಹುಕಾರರ ಫೋನ್, ಹುಡುಗನ ಫೋನ್, ಹೊಸ ವಿಂಡೋಸ್ ಹಾಕಿದ ಕಂಪ್ಯೂಟರ್ ಅಷ್ಟೇ. ಕಂಪ್ಯೂಟರ್ ಆ ರಾತ್ರಿ ಬಂದಾಗಿತ್ತು.

ಜೋಡಿಸಿದ ಆ್ಯಪ್‌ಗಳು

ಹೆಸರು ಸಾಹುಕಾರರದು, ಸಾಧನ ಯಾವುದೂ ಇಲ್ಲ. ಇವೆರಡೂ ಸೇರಿದಾಗ ನೋಡಬೇಕಾದ ಪುಟ ಇದು:

```
myaccount.google.com/connections
```

ಗೂಗಲ್ ಮೂಲಕ ಲಾಗಿನ್ ಆಗಿ ಎಂದು ಬೇರೆ ಬೇರೆ ತಾಣಗಳಲ್ಲಿ ಒತ್ತಿದ್ದೆಲ್ಲ ಇಲ್ಲಿ ಸೇರಿರುತ್ತದೆ. ಅವುಗಳಲ್ಲಿ ಬಹುಪಾಲು ನಿಮ್ಮ ಹೆಸರು ಮತ್ತು ಇಮೇಲ್ ಮಾತ್ರ ತಿಳಿದಿರುವಂಥವು, ಅವು ಸದ್ಯ ಇರಲಿ. ನೋಡಬೇಕಾದದ್ದು ಡ್ರೈವ್, ಜಿಮೇಲ್, ಸಂಪರ್ಕಗಳ ಒಳಗೆ ಕೈ ಹಾಕುವ ಅನುಮತಿ ಪಡೆದವುಗಳನ್ನು. ಪ್ರತಿ ಆ್ಯಪ್ ಒತ್ತಿದರೆ ಏನೇನು ಅನುಮತಿ, ಯಾವ ದಿನ ಕೊಟ್ಟದ್ದು ಎಂದು ಬರುತ್ತದೆ. ಡ್ರೈವ್‌ನ ಎಲ್ಲ ಕಡತಗಳನ್ನೂ ನೋಡಬಹುದು, ತಿದ್ದಬಹುದು, ಸೃಷ್ಟಿಸಬಹುದು, ಅಳಿಸಬಹುದು ಎಂಬ ಅರ್ಥದ ಸಾಲು ಕಂಡಲ್ಲಿ ನಿಲ್ಲಿ.

ಇವರ ಪಟ್ಟಿಯಲ್ಲಿ ಪಿಡಿಎಫ್ ಪರಿವರ್ತಕದ ಹೆಸರಿನ ಒಂದು ಆ್ಯಪ್‌ಗೆ ಆ ಅನುಮತಿ ಇತ್ತು. ಅನುಮತಿ ಕೊಟ್ಟ ದಿನ ಯಾವುದು ಎಂದರೆ, ಆ ಅಪರಿಚಿತ ವಿಂಡೋಸ್ ಸೆಷನ್ ಬಂದ ದಿನವೇ. ಮನೆಯವರಾಗಲಿ ಗುಮಾಸ್ತರಾಗಲಿ ಅದನ್ನು ಹಾಕಿರಲಿಲ್ಲ. ಕಥೆ ಈಗ ಸ್ಪಷ್ಟವಾಯಿತು: ಕಂಪ್ಯೂಟರ್‌ನಲ್ಲಿದ್ದ ಕಳ್ಳ ಪ್ರತಿಯ ಬಿಲ್ಲಿಂಗ್ ತಂತ್ರಾಂಶದಿಂದ ಕುಕಿ ಹೋಗಿದೆ. ಕುಕಿ ಹಿಡಿದು ಬಂದವನು ತಾನೇ ಸಾಹುಕಾರನಂತೆ ಕೂತು ಒಂದು ಆ್ಯಪ್‌ಗೆ ಅನುಮತಿ ಕೊಟ್ಟುಕೊಂಡಿದ್ದಾನೆ. ಸೆಷನ್ ಹೋದರೂ ಆ್ಯಪ್ ಉಳಿದಿದೆ.

ಪಾಸ್‌ವರ್ಡ್ ಬದಲಿಸಿದರೂ ಅದೇಕೆ ಉಳಿಯಿತು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ್ಯಪ್‌ಗೆ ಒಮ್ಮೆ ಅನುಮತಿ ಕೊಟ್ಟಾಗ ಗೂಗಲ್ ಅದಕ್ಕೆ ಒಂದು ಟೋಕನ್ ಕೊಡುತ್ತದೆ. ಆ್ಯಪ್ ಮುಂದೆ ಪ್ರತಿ ಸಲ ತೋರಿಸುವುದು ಆ ಟೋಕನ್, ಪಾಸ್‌ವರ್ಡ್ ಅಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ನಿಮ್ಮ ಕೋಣೆಯ ಬೀಗ ಬದಲಿಸಿದರೂ, ಮಾಲು ಎತ್ತಲು ನೀವು ಮೊದಲೇ ಬರೆದುಕೊಟ್ಟ ಚೀಟಿ ರದ್ದಾಗದೆ ಉಳಿದಂತೆ ಇದು. ಜಿಮೇಲ್ ಓದುವ ಅನುಮತಿ ಸೇರಿರುವ ಟೋಕನ್‌ಗಳನ್ನು ಪಾಸ್‌ವರ್ಡ್ ಬದಲಾದಾಗ ಗೂಗಲ್ ರದ್ದು ಮಾಡುತ್ತದೆ. ಡ್ರೈವ್ ಅನುಮತಿ ಮಾತ್ರ ಇರುವ ಟೋಕನ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಹೀಗಾಗಿ ಅಂಚೆ ಓದುವ ಆ್ಯಪ್ ಪಾಸ್‌ವರ್ಡ್ ಜೊತೆಗೇ ಸತ್ತುಹೋಗಬಹುದು, ಶೀಟ್ ತಿದ್ದುವ ಆ್ಯಪ್ ಮಾತ್ರ ಏನೂ ಆಗದಂತೆ ಮುಂದುವರಿಯಬಹುದು. ನಮ್ಮ ಪ್ರಕರಣದಲ್ಲಿ ಆದದ್ದು ಇದೇ. ಹಳೆಯ ತಂತ್ರಾಂಶಗಳಿಗೆ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್‌ಗಳು ಕೂಡ ಮುಖ್ಯ ಪಾಸ್‌ವರ್ಡ್ ಬದಲಿಸಿದಾಗ ರದ್ದಾಗುತ್ತವೆ.

ಆ ಆ್ಯಪ್‌ನ ಪುಟದ ಸ್ಕ್ರೀನ್‌ಶಾಟ್ ತೆಗೆದು, ಅಲ್ಲೇ ಇರುವ ಗುಂಡಿಯಿಂದ ಅದರ ಎಲ್ಲ ಸಂಪರ್ಕವನ್ನೂ ಅಳಿಸಿದೆವು. ಅಳಿಸಿದ್ದು ಪೂರ್ತಿ ಜಾರಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು. ಆಮೇಲೆ ಸರಿಯಾದ ಖಾತೆ ಸಂಖ್ಯೆ ಬರೆದು, ಆ ಸೆಲ್‌ನ ಇತಿಹಾಸವನ್ನು ದಿನಾ ಬೆಳಗ್ಗೆ ನೋಡಲು ಹುಡುಗನಿಗೆ ಹೇಳಿದೆ. ಸಂಖ್ಯೆ ಮತ್ತೆ ಬದಲಾಗಲಿಲ್ಲ. ರೋಗ ಹಿಡಿದದ್ದು ಸರಿ ಎನ್ನಲು ನನಗೆ ಅದೇ ಆಧಾರ.

ಇದೇ ಜಾತಿಯ ಇನ್ನೆರಡು ಜಾಗಗಳನ್ನೂ ನೋಡಿಬಿಡಿ. ಒಂದು ಆ್ಯಪ್ಸ್ ಸ್ಕ್ರಿಪ್ಟ್. script.google.com ತೆರೆದು `My Triggers` ನೋಡಿ. ಇಂತಿಷ್ಟು ಗಂಟೆಗೊಮ್ಮೆ ತಾನಾಗಿ ಓಡುವಂತೆ ಯಾರಾದರೂ ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದರೆ ಅಲ್ಲಿ ಕಾಣುತ್ತದೆ. ಇನ್ನೊಂದು takeout.google.com. ಖಾತೆಯ ಸಕಲವನ್ನೂ ಒಂದೇ ಕಟ್ಟಾಗಿ ಹೊರಗೆ ತೆಗೆಯುವ ಸೌಲಭ್ಯ ಅದು. ಎರಡು ತಿಂಗಳಿಗೊಮ್ಮೆ, ಒಂದು ವರ್ಷದವರೆಗೆ ತಾನಾಗಿ ತೆಗೆಯುವಂತೆ, ತೆಗೆದದ್ದನ್ನು ಬೇರೆ ಕ್ಲೌಡ್ ಸೇವೆಗೆ ಕಳಿಸುವಂತೆ ಅಲ್ಲಿ ಹೊಂದಿಸಬಹುದು. ನೀವು ಹೊಂದಿಸದ ವೇಳಾಪಟ್ಟಿ ಕಂಡರೆ ರದ್ದುಮಾಡಿ. ಮುಗಿದುಹೋದ ಕಟ್ಟು ಕಂಡರೆ, ಅಂಚೆಯಲ್ಲಿ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹೊರಗೆ ಹೋಗಿದೆ ಎಂದೇ ಲೆಕ್ಕ ಹಿಡಿಯಿರಿ. ಗುರುತಿನ ಚೀಟಿಗಳ ಫೋಟೋ, ರೈತರ ಬ್ಯಾಂಕ್ ಪಾಸ್‌ಬುಕ್ ಪ್ರತಿಗಳು ಅದರಲ್ಲಿದ್ದರೆ ಆ ರೈತರಿಗೂ ತಿಳಿಸಬೇಕು.

ಅಂಚೆಯೊಳಗಿನ ಫಿಲ್ಟರ್

ಖರೀದಿದಾರರಲ್ಲಿ ಇನ್ನೊಬ್ಬರು ಖಾತೆ ಸಂಖ್ಯೆಯ ಬಗ್ಗೆ ಇಮೇಲ್‌ನಲ್ಲೇ ಕೇಳಿದ್ದರಂತೆ. ಅದು ಅಂಗಡಿಗೆ ಬಂದೇ ಇಲ್ಲ. ಜಿಮೇಲ್‌ನ `See all settings` ಒಳಗೆ `Filters and Blocked Addresses` ತೆರೆದಾಗ ಕಾರಣ ಸಿಕ್ಕಿತು. ಖಾತೆ, ಆರ್‌ಟಿಜಿಎಸ್ ಎಂಬ ಇಂಗ್ಲಿಷ್ ಪದಗಳಿರುವ ಅಂಚೆಯನ್ನೂ, ಗೂಗಲ್‌ನ ಎಚ್ಚರಿಕೆ ಬರುವ no-reply@accounts.google.com ವಿಳಾಸದ ಅಂಚೆಯನ್ನೂ ನೇರ ಕಸದ ಬುಟ್ಟಿಗೆ ಹಾಕುವ ಫಿಲ್ಟರ್ ಅದು. ಆದ್ದರಿಂದಲೇ ಹೊಸ ಸಾಧನ ಲಾಗಿನ್ ಆಗಿದೆ ಎಂಬ ಎಚ್ಚರಿಕೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬುಟ್ಟಿಯಲ್ಲಿ ಬಿದ್ದದ್ದು 30 ದಿನ ಉಳಿಯುತ್ತದೆ, ಆಮೇಲೆ ತಾನೇ ಅಳಿಯುತ್ತದೆ. ಕೂಡಲೇ ಹುಡುಕಿ ಹೊರತೆಗೆಯಿರಿ. ಎಚ್ಚರಿಕೆಯ ಅಂಚೆಯೇ ಹೋಗಿದ್ದರೂ ಖಾತೆಯ ಭದ್ರತಾ ಪುಟದಲ್ಲಿ 28 ದಿನಗಳ ಘಟನೆಗಳು ಉಳಿದಿರುತ್ತವೆ:

```
myaccount.google.com/notifications
```

ಫಿಲ್ಟರ್ ಜೊತೆಗೆ `Forwarding and POP/IMAP` ಕೂಡ ನೋಡಿ, ಅಪರಿಚಿತ ವಿಳಾಸಕ್ಕೆ ಅಂಚೆ ಸಾಗುತ್ತಿದ್ದರೆ ನಿಲ್ಲಿಸಿ. `Accounts and Import` ಒಳಗೆ ನಿಮ್ಮ ಪರವಾಗಿ ಅಂಚೆ ತೆರೆಯಲು ಬೇರೊಬ್ಬರಿಗೆ ಅನುಮತಿ ಇದೆಯೇ, ಉತ್ತರ ಹೋಗುವ ವಿಳಾಸ ಬದಲಾಗಿದೆಯೇ ಎಂದೂ ನೋಡಿ. ಇವು ಯಾವುವೂ ಪಾಸ್‌ವರ್ಡ್ ಬದಲಿಸಿದರೆ ಹೋಗುವುದಿಲ್ಲ, ಏಕೆಂದರೆ ಗೂಗಲ್ ಇವನ್ನು ನಿಮ್ಮದೇ ಇಚ್ಛೆಯ ಹೊಂದಿಕೆಗಳೆಂದು ಕಾಣುತ್ತದೆ.

ಹಂಚಿದ ಲಿಂಕ್‌ಗಳು

ಸಂಖ್ಯೆ ತಿದ್ದಿದ್ದು ಲಿಂಕ್‌ನಿಂದ ಅಲ್ಲ ಎಂದು ಗೊತ್ತಾದರೂ ನಾನು ಅದನ್ನು ಬಿಡಲಿಲ್ಲ. ಕಳ್ಳ ಒಳಗಿದ್ದಾಗ ಮುಂದಿನ ದಿನಕ್ಕೆಂದು ಯಾವುದಾದರೂ ಕಡತವನ್ನು ತೆರೆದಿಟ್ಟಿರಬಹುದು. ಖಾತೆಯಿಂದ ಅವನನ್ನು ಪೂರ್ತಿ ಹೊರಗೆ ಹಾಕಿದರೂ `Anyone with the link` ಎಂದಿರುವ ಕಡತ ಅವನಿಗೆ ತೆರೆಯುತ್ತಲೇ ಇರುತ್ತದೆ. ಅನುಮತಿ ಇರುವುದು ಕಡತಕ್ಕೆ ಅಂಟಿಕೊಂಡು, ಅದನ್ನು ತೆರೆಯಲು ಯಾರ ಲಾಗಿನ್ನೂ ಬೇಡ.

ಹಾಗೆ ತೆರೆದಿರುವ ಕಡತಗಳೆಲ್ಲ ಒಂದೇ ಕಡೆ ಸಿಗುವ ಸುಲಭ ಪುಟ ಡ್ರೈವ್‌ನಲ್ಲಿ ಇಲ್ಲ. ಕಡತಗಳು ಕಡಿಮೆ ಇದ್ದರೆ ಒಂದೊಂದನ್ನೇ ತೆರೆದು `Share` ನೋಡಿದರಾಯಿತು. ವರ್ಷಗಟ್ಟಲೆ ಬಿಲ್ ತುಂಬಿರುವ ಅಂಗಡಿಯ ಖಾತೆಗೆ ಅದು ಆಗದ ಕೆಲಸ. ಅಂಥಲ್ಲಿ script.google.com ನಲ್ಲಿ ಈ ಸಣ್ಣ ಸ್ಕ್ರಿಪ್ಟ್ ಓಡಿಸುತ್ತೇನೆ:

```javascript
function openLinks() {
  const q = "'me' in owners and trashed = false " +
            "and visibility = 'anyoneWithLink'";
  const files = DriveApp.searchFiles(q);
  while (files.hasNext()) {
    const f = files.next();
    console.log(f.getName() + "  " + f.getUrl());
  }
}
```

ಲಿಂಕ್ ಇದ್ದವರಿಗೆಲ್ಲ ತೆರೆದಿರುವ, ನಿಮ್ಮ ಒಡೆತನದ ಕಡತಗಳ ಹೆಸರು ಮತ್ತು ವಿಳಾಸ ಪಟ್ಟಿಯಾಗಿ ಬರುತ್ತವೆ. ಫೋಲ್ಡರ್‌ಗಳಿಗೆ `searchFiles` ಬದಲು `searchFolders` ಎಂದು ಹಾಕಿ ಇನ್ನೊಮ್ಮೆ ಓಡಿಸಬೇಕು. ಫೋಲ್ಡರ್ ತೆರೆದಿದ್ದರೆ ಅದರೊಳಗೆ ಮುಂದೆ ಹಾಕುವ ಕಡತವೂ ತೆರೆದೇ ಇರುತ್ತದೆ. ಸ್ಕ್ರಿಪ್ಟ್‌ಗೆ ಒಂದು ಓಟಕ್ಕೆ 6 ನಿಮಿಷದ ಮಿತಿ ಇದೆ, ಬಹಳ ಕಡತಗಳಿದ್ದರೆ ಅರ್ಧಕ್ಕೆ ನಿಲ್ಲಬಹುದು. ಓಡಿಸುವಾಗ ಗೂಗಲ್ ಡ್ರೈವ್ ಅನುಮತಿ ಕೇಳುತ್ತದೆ, ಕೊಡದೆ ಕೆಲಸವಾಗದು. ಕೆಲಸ ಮುಗಿದ ಮೇಲೆ ಸ್ಕ್ರಿಪ್ಟ್ ಅಳಿಸಿ, ಮೇಲೆ ಹೇಳಿದ ಸಂಪರ್ಕಗಳ ಪುಟದಿಂದ ಅದರ ಅನುಮತಿಯನ್ನೂ ಕಿತ್ತುಹಾಕಿ. ನಾವೇ ತೆರೆದ ಬಾಗಿಲು ಉಳಿಯಬಾರದು.

ಈ ಅಂಗಡಿಯಲ್ಲಿ ಸಿಕ್ಕ ಪಟ್ಟಿ ನೋಡಿ ಸಾಹುಕಾರರಿಗೆ ಬೇಸರವಾಯಿತು. ರೈತರ ಬಾಕಿಯ ಹಳೆಯ ಶೀಟ್ ಒಂದು, ಹಿಂದಿನ ಹಂಗಾಮಿನಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಲೆಂದು ತೆರೆದದ್ದು, ತಿದ್ದುವ ಅನುಮತಿಯ ಸಮೇತ ಹಾಗೇ ಉಳಿದಿತ್ತು. ಕಳ್ಳನ ಕೈವಾಡ ಇಲ್ಲದೆಯೂ ಅದು ಹೊರಗಿತ್ತು.

ಲಿಂಕ್ ಮುಚ್ಚುವಾಗ ಒಂದು ಸೂಕ್ಷ್ಮವಿದೆ. `Restricted` ಎಂದು ಬದಲಿಸಿದರೆ ಕಡತ ಮುಚ್ಚುತ್ತದೆ, ಆದರೆ ವಿಳಾಸ ಅದೇ ಉಳಿಯುತ್ತದೆ. ಮುಂದೊಂದು ದಿನ ಯಾರಿಗೋ ತೋರಿಸಲು ಮತ್ತೆ ತೆರೆದರೆ ಹಳೆಯ ಲಿಂಕ್ ಇಟ್ಟುಕೊಂಡವರಿಗೂ ತೆರೆಯುತ್ತದೆ. ನಿಜವಾಗಿ ಹೊಸ ವಿಳಾಸ ಬೇಕೆಂದರೆ ಕಡತದ ಪ್ರತಿ ಮಾಡಿ, ಮುಂದಿನ ಲೆಕ್ಕವನ್ನು ಪ್ರತಿಯಲ್ಲಿ ಬರೆದು, ಹಳೆಯದನ್ನು ಮುಚ್ಚಿಡಬೇಕು. ಲಿಂಕ್ ಮಾತ್ರವಲ್ಲ, `Share` ಪಟ್ಟಿಯಲ್ಲಿ ಇರುವ ಇಮೇಲ್‌ಗಳನ್ನೂ ಅಕ್ಷರ ಅಕ್ಷರ ಓದಿ. ಗುಮಾಸ್ತರ ವಿಳಾಸದಂತೆಯೇ ಕಾಣುವ, ಒಂದು ಅಕ್ಷರ ಮಾತ್ರ ಬೇರೆಯಾದ ವಿಳಾಸ ಕಳ್ಳರಿಗೆ ಪ್ರಿಯ. ತಿದ್ದುವ ಅನುಮತಿ ಇರುವವರು ಮತ್ತೊಬ್ಬರನ್ನು ಸೇರಿಸದಂತೆ, ಅದೇ ಪೆಟ್ಟಿಗೆಯ ಗಿಯರ್ ಗುರುತು ಒತ್ತಿ ತಡೆಯಬಹುದು.

ಯಾರು ಬರೀ ನೋಡಿದರು, ಯಾರು ಇಳಿಸಿಕೊಂಡರು ಎಂಬುದು ಇಂಥ ವೈಯಕ್ತಿಕ ಖಾತೆಯಲ್ಲಿ ತಿಳಿಯುವುದಿಲ್ಲ. ತಿದ್ದಿದ್ದು, ಹಂಚಿದ್ದು ಮಾತ್ರ ಕಡತದ `Activity` ಪಟ್ಟಿಯಲ್ಲಿ ಬರುತ್ತದೆ. ತೆರೆದೇ ಇದ್ದ ಕಡತವನ್ನು ಎಲ್ಲರೂ ಓದಿದ್ದಾರೆ ಎಂದುಕೊಂಡು ಮುಂದಿನ ಹೆಜ್ಜೆ ಇಡುವುದು ಕ್ಷೇಮ.

ಮರಳಿ ಪಡೆಯುವ ದಾರಿ

ಕೊನೆಗೆ ಬಂದರೂ ಇದನ್ನು ಅವಸರದಲ್ಲಿ ಮುಗಿಸಬೇಡಿ. ಭದ್ರತಾ ಪುಟದಲ್ಲಿ ಮರಳಿ ಪಡೆಯುವ ಫೋನ್ ಮತ್ತು ಇಮೇಲ್ ನೋಡಿದಾಗ, ಇವರ ಖಾತೆಯಲ್ಲಿ ಫೋನ್ ಸಂಖ್ಯೆ ಹಿಂದೆ ಕೆಲಸ ಬಿಟ್ಟುಹೋದ ಗುಮಾಸ್ತರದಾಗಿತ್ತು. ಆ ಮನುಷ್ಯ ಒಳ್ಳೆಯವರೇ, ಅವರ ಮೇಲೆ ಯಾರಿಗೂ ಅನುಮಾನವಿಲ್ಲ. ಆದರೆ ರೀಚಾರ್ಜ್ ಇಲ್ಲದೆ ನಿಂತುಹೋದ ಸಂಖ್ಯೆಯನ್ನು ಕಂಪನಿ ಕೆಲ ತಿಂಗಳ ನಂತರ ಬೇರೊಬ್ಬರಿಗೆ ಕೊಡಬಹುದು. ಆಗ ಒಟಿಪಿ ಹೋಗುವುದು ಆ ಹೊಸಬರಿಗೆ. ಇಮೇಲ್ ಜಾಗದಲ್ಲಂತೂ ಯಾರಿಗೂ ಗೊತ್ತಿಲ್ಲದ ಒಂದು ವಿಳಾಸ ಕೂತಿತ್ತು. ಅದು ಕಳ್ಳನದು. ಆ್ಯಪ್ ಅಳಿಸಿ ನಿಶ್ಚಿಂತರಾಗಿದ್ದರೆ, ಪಾಸ್‌ವರ್ಡ್ ಮರೆತಿದೆ ಎಂದು ಹೇಳಿ ಅವನು ಈ ವಿಳಾಸದ ಮೂಲಕ ಖಾತೆಯನ್ನೇ ಕಿತ್ತುಕೊಳ್ಳಲು ಪ್ರಯತ್ನಿಸಬಹುದಿತ್ತು.

ಎರಡನ್ನೂ ಬದಲಿಸಿದೆವು. ಬದಲಿಸಿದ ಮೇಲೂ 7 ದಿನಗಳವರೆಗೆ ಹಳೆಯ ಫೋನ್ ಅಥವಾ ಇಮೇಲ್‌ಗೆ ಕೋಡ್ ಕಳಿಸುವ ಆಯ್ಕೆಯನ್ನು ಗೂಗಲ್ ಉಳಿಸಿಕೊಂಡಿರಬಹುದು. ಖಾತೆ ಕಳೆದುಕೊಂಡ ನಿಜವಾದ ಒಡೆಯನಿಗೆ ಇದು ವರ, ಏಕೆಂದರೆ ಕಳ್ಳ ಫೋನ್ ಸಂಖ್ಯೆ ಬದಲಿಸಿದರೂ ವಾರದೊಳಗೆ ಹಳೆಯ ಸಂಖ್ಯೆಯಿಂದ ಮರಳಿ ಬರಬಹುದು. ಆದರೆ ಕಳ್ಳ ಹಾಕಿದ ವಿಳಾಸಕ್ಕೂ ಅದೇ ವಾರ ಅನ್ವಯಿಸುತ್ತದೆ. ಆದ್ದರಿಂದ ಅದೇ ದಿನ ಎರಡು ಹಂತದ ಪರಿಶೀಲನೆ ಹಾಕಿ, ಸಾಹುಕಾರರ ಫೋನ್‌ನಲ್ಲಿ, ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಫೋನ್ ಲಾಕ್‌ನಿಂದ ಒಳಬಿಡುವ ಪಾಸ್‌ಕೀ ಮಾಡಿಸಿದೆ.

ಮೊದಲೇ ಎರಡು ಹಂತದ ಪರಿಶೀಲನೆ ಇದ್ದ ಖಾತೆಯಲ್ಲಿ ಅದರೊಳಗನ್ನೂ ತಡಕಬೇಕು. ನೀವು ಮಾಡದ ಪಾಸ್‌ಕೀ ಇದೆಯೇ, ನಿಮ್ಮದಲ್ಲದ ಆಥೆಂಟಿಕೇಟರ್ ಜೋಡಿಸಿದೆಯೇ, ಎರಡನೆಯ ಹಂತ ಬೇಡ ಎಂದು ನಂಬಿಕೆ ಪಡೆದ ಸಾಧನಗಳಿವೆಯೇ ಎಂದು ನೋಡಿ, ಅನುಮಾನ ಬಂದದ್ದನ್ನು ತೆಗೆದುಹಾಕಿ. ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ಪಡೆಯಿರಿ. 8 ಅಂಕಿಯ 10 ಕೋಡ್‌ಗಳ ಹೊಸ ಕಟ್ಟು ಬಂದ ಕೂಡಲೇ ಹಳೆಯವೆಲ್ಲ ಸತ್ತಂತೆ. ಅವನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ಅದೇ ಡ್ರೈವ್‌ನಲ್ಲಿ ಫೋಟೋ ಮಾಡಿ ಇಡಬೇಡಿ.

ಖಾತೆಯೇ ಕೈತಪ್ಪಿ, ಹೊಸ ಪಾಸ್‌ವರ್ಡ್ ಕಳ್ಳನ ಬಳಿ ಇದ್ದರೆ ಇರುವ ದಾರಿ ಇದು:

```
accounts.google.com/signin/recovery
```

ಇಲ್ಲಿ ಎಲ್ಲಿಂದ ಪ್ರಯತ್ನಿಸುತ್ತೀರಿ ಎಂಬುದಕ್ಕೆ ಬೆಲೆ ಇದೆ. ದಿನಾ ಬಳಸುತ್ತಿದ್ದ ಫೋನ್, ದಿನಾ ಬಳಸುತ್ತಿದ್ದ ಬ್ರೌಸರ್, ಅಂಗಡಿಯ ಅಥವಾ ಮನೆಯ ವೈಫೈ, ಇವುಗಳಿಂದಲೇ ಮಾಡಿ. ಹಳೆಯ ಪಾಸ್‌ವರ್ಡ್ ಕೇಳಿದರೆ ನೆನಪಿರುವ ಕೊನೆಯದನ್ನು ಕೊಡಿ. ಗೊತ್ತಿಲ್ಲ ಎಂದು ಬಿಡುವುದಕ್ಕಿಂತ ಹತ್ತಿರದ ಊಹೆಯೂ ವಾಸಿ. ಬೇರೆ ಊರಿನ ಸೈಬರ್ ಕೆಫೆಯಲ್ಲಿ ಕೂತು ಪ್ರಯತ್ನಿಸುವುದು ಬೇಡ. ದುಡ್ಡು ಕೊಟ್ಟರೆ ಖಾತೆ ಬಿಡಿಸಿಕೊಡುತ್ತೇವೆ ಎನ್ನುವವರಿಗೆ ಗೂಗಲ್ ಜೊತೆ ಯಾವ ಸಂಬಂಧವೂ ಇರುವುದಿಲ್ಲ. ಒಟಿಪಿ ಹೇಳಿ ಎಂದರೆ ಫೋನ್ ಇಟ್ಟುಬಿಡಿ.

ಈ ಪ್ರಕರಣದಲ್ಲಿ ಉಳಿದ ಕೆಲಸ ಜನರಿಗೆ ತಿಳಿಸುವುದು. ಹುಡುಗ ಪ್ರತಿ ಖರೀದಿದಾರರಿಗೂ ಫೋನ್ ಮಾಡಿ ಸರಿಯಾದ ಬ್ಯಾಂಕ್ ಖಾತೆಯನ್ನು ಬಾಯಲ್ಲೇ ಹೇಳಿದ, ಇಮೇಲ್‌ನಲ್ಲಿ ಕಳಿಸಲಿಲ್ಲ. ಶೀಟ್‌ನಿಂದ ಆ ಸಂಖ್ಯೆಯನ್ನು ತೆಗೆದುಹಾಕಿ, ಬಿಲ್ ಪುಸ್ತಕದಲ್ಲಿ ಮುದ್ರಿಸಿದರು. ಆ 7 ದಿನ ಕಳೆದ ಮೇಲೆ ಸೆಷನ್, ಸಂಪರ್ಕ, ಫಿಲ್ಟರ್ ಮತ್ತು ಮರಳಿ ಪಡೆಯುವ ವಿಳಾಸ ಈ ನಾಲ್ಕು ಪುಟಗಳನ್ನು ಮತ್ತೊಮ್ಮೆ ತೆರೆದು, ಮೊದಲು ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳ ಪಕ್ಕ ಇಟ್ಟು ನೋಡಿದೆವು. ಹೊಸದೇನೂ ಸೇರಿರಲಿಲ್ಲ.